ತಪ್ಪಿಗೆಂದು ಎತ್ತಿಟ್ಟ ಕೆನೆ

ಆ ಬೇಕರಿಯ ಹಿಂದಿನ ಕೋಣೆಗೆ ಹೊಸದಾಗಿ ಬಂದವರು ಯಾರೇ ಇರಲಿ, ಮೂಗಿನ ಮೇಲೆ ಬೆರಳಿಡದೆ ಹೊರಗೆ ಹೋದದ್ದಿಲ್ಲ. ಗೋಡೆಗೆ ತಾಗಿಸಿ ಹಾಕಿದ ಉದ್ದನೆಯ ಮರದ ಮೇಜು. ಮೇಜಿನ ಆ ತುದಿಯಲ್ಲಿ ಕೆನೆ ಕಡೆಯುವ ಮೆಷಿನ್ನು. ಈ ತುದಿಯಲ್ಲಿ ಮನೆಯ ದೊಡ್ಡ ಸೊಸೆ, ಕೇಕಿನ ಸ್ಪಾಂಜನ್ನು ಅಡ್ಡಡ್ಡ ಸೀಳುತ್ತ ನಿಂತಿರುವಳು. ಮೆಷಿನ್ನಿನ ಕಡೆ ಒಂದು ಸಲವೂ ಕಣ್ಣೆತ್ತಿ ನೋಡಳು. ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡುವಳು, ಜೋಕು ಹೇಳಿದರೆ ನಗುವಳು. ನಗುತ್ತಿರುವಾಗಲೇ ಎಡಗೈ ಗೋಡೆಯ ಸ್ವಿಚ್ಚಿಗೆ ಹೋಗುವುದು, ಟಕ್ ಎನ್ನುವುದು. ಹೋಗಿ ನೋಡಿದರೆ ಬಟ್ಟಲಲ್ಲಿ ಕೆನೆ ಕರಾರುವಾಕ್ಕಾಗಿ ಹದಕ್ಕೆ ಬಂದು ಕೂತಿರುತ್ತಿತ್ತು. ಒಂದು ಸುತ್ತು ಹೆಚ್ಚಲ್ಲ, ಒಂದು ಸುತ್ತು ಕಡಿಮೆಯಲ್ಲ.

ಹಾಗೆಂದು ಅವಳು ಮಂತ್ರವಾದಿಯೇನಲ್ಲ. ಬೇಕರಿಗೆ ಬರುವವರೆಲ್ಲ ಅವಳನ್ನು ಕೆನೆಯಮ್ಮ ಎನ್ನುತ್ತಿದ್ದರು, ಅಷ್ಟೇ. ಮನೆಯಲ್ಲಿ ಅವಳು ದೊಡ್ಡವಳು. ಅವಳ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಚಿಕ್ಕವಳು. ದೊಡ್ಡವಳ ಗಂಡ ಒಲೆ ಮತ್ತು ಗಲ್ಲಾ ನೋಡಿಕೊಳ್ಳುತ್ತಿದ್ದ. ಅವನು ಚಿಕ್ಕವಳಿಗೆ ಭಾವ. ಚಿಕ್ಕವಳ ಗಂಡ ವ್ಯಾನು ಓಡಿಸುತ್ತಿದ್ದ. ಬೆಳಿಗ್ಗೆ ಹೋದರೆ ಊಟದ ಹೊತ್ತಿಗೇ ಅವನ ಮುಖ ಕಾಣುವುದು, ಹಾಗಾಗಿ ಈ ಕಥೆಯಲ್ಲೂ ಅವನನ್ನು ವ್ಯಾನಿನಲ್ಲೇ ಬಿಡೋಣ.

ಚಿಕ್ಕವಳು ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನೆಲ್ಲ ನೋಡಿ ಬೆರಗಾಗಿ ಹೋಗಿದ್ದಳು. ಅವಳ ತವರಿನಲ್ಲಿ ಹಾಲು ಕಾಯಿಸುವಾಗ ಎದುರಿಗೆ ನಿಂತು ದಿಟ್ಟಿಸಿ ನೋಡಿದರೂ ಅದು ಉಕ್ಕಿ ಒಲೆಯ ಮೇಲೆ ಹರಿಯುತ್ತಿತ್ತು. ಇಲ್ಲಿ ನೋಡಿದರೆ ಒಬ್ಬಳು ಬೆನ್ನಿಗೂ ಕಣ್ಣಿಟ್ಟುಕೊಂಡು ಓಡಾಡುತ್ತಿದ್ದಾಳೆ. ಅಕ್ಕ, ನಿಮಗೆ ಹೇಗೆ ಗೊತ್ತಾಗುತ್ತೆ ಎಂದು ಒಂದು ದಿನ ಕೇಳಿಯೇಬಿಟ್ಟಳು. ದೊಡ್ಡವಳು ಕಿವಿ ಮುಟ್ಟಿ ತೋರಿಸಿದಳು. ಕಲಿಸಿದವಳು ಅತ್ತೆಯಂತೆ, ಬೇಕರಿ ಶುರುಮಾಡಿದ ಪುಣ್ಯಾತ್ಗಿತ್ತಿ. ಕಣ್ಣು ಆಸೆಬುರುಕ, ಇನ್ನೂ ಸ್ವಲ್ಪ ಆಗಲಿ ಅನ್ನುತ್ತೆ. ಕಿವಿಗೆ ಆಸೆ ಇಲ್ಲ, ಸಾಕು ಅಂದರೆ ಸಾಕು ಅನ್ನುತ್ತೆ ಎನ್ನುತ್ತಿದ್ದಳಂತೆ ಆಕೆ.

ಕೆನೆಗೂ ಒಂದು ಮಾತಿದೆ ಎಂದು ಚಿಕ್ಕವಳಿಗೆ ತಿಳಿದದ್ದು ಆಮೇಲೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಕೆನೆಯನ್ನು, ಅದರಷ್ಟೇ ತಣ್ಣಗಿನ ಬಟ್ಟಲಿಗೆ ಸುರಿಯಬೇಕು. ಬಟ್ಟಲು ಬೆಚ್ಚಗಿದ್ದರೆ ಕೆನೆಯ ಜಿಡ್ಡು ಮೆತ್ತಗಾಗಿ ಗಾಳಿಯನ್ನು ಹಿಡಿಯುವುದಿಲ್ಲ, ಎಷ್ಟು ಕಡೆದರೂ ಬರೀ ನೀರುಗೆನೆ. ಮೊದಮೊದಲು ಮೆಷಿನ್ನಿನ ಕಡೆಗೋಲು, ಅಂದರೆ ಬುಟ್ಟಿಯಂತೆ ಬಾಗಿಸಿದ ತಂತಿಗಳು, ಚಳಚಳ ಎನ್ನುತ್ತವೆ, ಮಕ್ಕಳು ನೀರಾಡಿದ ಹಾಗೆ. ಗುಳ್ಳೆಗಳು ಸಣ್ಣವಾದಂತೆ ಚಳಚಳ ಅಡಗಿ ಮೆತ್ತನೆಯ ಸುಯ್ಯೆನ್ನುವಿಕೆ. ಆಗ ತಂತಿ ಎತ್ತಿದರೆ ಕೆನೆಯ ತುದಿ ಕೊಕ್ಕಿನಂತೆ ಬಾಗಿ ಮಲಗುತ್ತದೆ. ಸಕ್ಕರೆಪುಡಿಯನ್ನೂ, ಅದರ ಜೊತೆ ಕಲಸಿಟ್ಟ ಒಂದಿಷ್ಟು ಹಾಲಿನ ಪುಡಿಯನ್ನೂ ಉದುರಿಸುವುದು ಆ ಗಳಿಗೆಯಲ್ಲಿ. ಹಾಲಿನ ಪುಡಿ ಕೆನೆಯ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಕೇಕಿನ ಪದರಗಳ ನಡುವೆ ಹಾಕಿದ ಮೇಲೆ ಅದು ಸಂಜೆಯವರೆಗೂ ಜಾರದೆ, ಒಸರದೆ ನಿಲ್ಲುತ್ತದೆ. ಮತ್ತೆ ಕಡೆದರೆ ಮೆಷಿನ್ನಿನ ದನಿ ದಪ್ಪವಾಗುತ್ತದೆ, ಹೊರೆ ಹೊತ್ತವನು ಏರು ಹತ್ತಿದ ಹಾಗೆ. ತಂತಿ ಎತ್ತಿದರೆ ಈಗ ಕೊಕ್ಕು ನೆಟ್ಟಗೆ ನಿಂತು, ತುದಿಯೊಂದು ಮಾತ್ರ ತಲೆಬಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಆ ತುದಿಯೂ ನೆಟ್ಟಗಾಗಲಿ ಎಂದು ಕಾದವರು ಕೆಟ್ಟರು. ಏಕೆಂದರೆ ಆಮೇಲೆ ಚೂರಿಯಲ್ಲಿ ಸವರುವಾಗ, ಚೀಲಕ್ಕೆ ತುಂಬಿ ಹಿಂಡುವಾಗಲೂ ಕೆನೆ ಇನ್ನಷ್ಟು ಗಟ್ಟಿಯಾಗುತ್ತಲೇ ಇರುತ್ತದೆ. ಮುಂದಿನ ಕೆಲಸಕ್ಕೂ ಒಂಚೂರು ಜಾಗ ಬಿಟ್ಟಿರಬೇಕು.

ಇದರ ಜೊತೆಗೆ ದೊಡ್ಡವಳಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಕೆನೆಯನ್ನು ಬಟ್ಟಲಿಗೆ ಸುರಿಯುವ ಮುಂಚೆ ಒಂದು ಲೋಟದಷ್ಟನ್ನು ಬೇರೆ ತೆಗೆದು, ಮುಚ್ಚಿ, ಫ್ರಿಜ್ಜಿನೊಳಗೆ ಮೇಲಿನ ಖಾನೆಯಲ್ಲಿ ಇಡುತ್ತಿದ್ದಳು. ಅದು ತಪ್ಪಿನ ಪಾಲು. ಅತ್ತೆ ಇಟ್ಟ ಹೆಸರು. ಚಿಕ್ಕವಳು ಇದೇನೋ ದೃಷ್ಟಿ ತೆಗೆಯುವ ಬಾಬತ್ತು ಅಂದುಕೊಂಡಿದ್ದಳು. ತಪ್ಪೇ ಮಾಡದವಳು ತಪ್ಪಿಗೆ ಪಾಲು ಇಡುವುದೆಂದರೇನು? ಸಂಜೆ ಅಂಗಡಿಯ ಒಂದು ಬಾಗಿಲು ಹಾಕಿದ ಮೇಲೆ ಆ ಕೆನೆ ಓರಗಿತ್ತಿಯರಿಬ್ಬರ ಕಾಫಿಗೆ ಬೀಳುತ್ತಿತ್ತು. ಹಿಂದಿನ ಮೆಟ್ಟಿಲ ಮೇಲೆ ಕೂತು, ಮೂತಿಗೆಲ್ಲ ಕೆನೆ ಮೆತ್ತಿಕೊಂಡು, ಇಡೀ ಬೀದಿಯ ಸುದ್ದಿ ಮಾತಾಡುತ್ತ ಕುಡಿಯುತ್ತಿದ್ದರು. ಯಾರೂ ತಪ್ಪು ಮಾಡದ ದಿನದ ಕಾಫಿ ಅದು ಎಂದು ದೊಡ್ಡವಳು ಹೇಳುತ್ತಿದ್ದಳು.

ಪಾಲಿನ ಅರ್ಥ ತಿಳಿದದ್ದು ಚಿಕ್ಕವಳು ಮೊದಲ ಸಲ ತಾನೇ ಕೆನೆ ಕಡೆಯಲು ನಿಂತ ದಿನ. ಅವಳು ಕೊಕ್ಕು ನಿಂತಿತೇ ಎಂದು ಬಟ್ಟಲೊಳಗೆ ಇಣುಕಿ ಇಣುಕಿ ನೋಡಿದಳು, ಇನ್ನೂ ಸ್ವಲ್ಪ ಆಗಲಿ ಅಂದಳು. ಆಸೆಬುರುಕ ಕಣ್ಣು. ಬೆಳ್ಳಗೆ ನುಣ್ಣಗಿದ್ದ ಕೆನೆ ನೋಡನೋಡುತ್ತಿದ್ದಂತೆ ಹಳದಿ ಛಾಯೆಗೆ ತಿರುಗಿ ನೆನೆದ ರವೆಯ ಹಾಗೆ ತರಿತರಿಯಾಯಿತು. ಅವಳು ಅಳುವುದೊಂದು ಬಾಕಿ. ದೊಡ್ಡವಳು ಬೈಯಲಿಲ್ಲ. ಮೇಲಿನ ಖಾನೆಯಿಂದ ಲೋಟ ತಂದಳು, ಮೆಷಿನ್ನಿನಿಂದ ಬಟ್ಟಲನ್ನು ಬಿಡಿಸಿದಳು. ಕಡೆಯದ ತಣ್ಣನೆಯ ಕೆನೆಯನ್ನು ಒಂದೆರಡು ಚಮಚ ಹನಿಸಿ, ಕೈತಂತಿಯಲ್ಲಿ ನಿಧಾನವಾಗಿ, ತೊಟ್ಟಿಲು ತೂಗುವಷ್ಟು ಮೆಲ್ಲಗೆ ಮಗುಚಿದಳು. ಮತ್ತೆರಡು ಚಮಚ, ಮತ್ತೆ ಮಗುಚಿದಳು. ತರಿಗಳು ಒಂದೊಂದಾಗಿ ಕರಗಿ ಕೆನೆ ಮತ್ತೆ ನುಣ್ಣಗಾಗುವುದನ್ನು ಚಿಕ್ಕವಳು ಬಾಯಿ ತೆರೆದು ನೋಡಿದಳು. ಕೆಟ್ಟದ್ದು ಹಿಂದಕ್ಕೆ ಬರುವುದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಕೇಳಿ ಬೆಳೆದವಳು.

ಎಲ್ಲ ತಪ್ಪೂ ಹಾಗೆ ಹಿಂದಕ್ಕೆ ಬರುವುದಿಲ್ಲ ಎನ್ನುವುದನ್ನೂ ಮುಂದೆ ಅವಳೇ ಕಲಿತಳು. ಇನ್ನೊಂದು ದಿನ ಫೋನಿನಲ್ಲಿ ತವರಿನ ಜೊತೆ ಹರಟುತ್ತ ನಿಂತು, ಕೆನೆ ಒಡೆದು ಬಟ್ಟಲ ತಳದಲ್ಲಿ ತೆಳ್ಳನೆಯ ಮಜ್ಜಿಗೆ ಲೊಳಲೊಳ ಎನ್ನುವವರೆಗೂ ಬಿಟ್ಟಿದ್ದಳು. ಲೋಟ ತರಲು ಓಡಿದವಳನ್ನು ದೊಡ್ಡವಳು ತಡೆದಳು. ಬೆಣ್ಣೆ ಬೇರೆ, ಮಜ್ಜಿಗೆ ಬೇರೆ ಆದ ಮೇಲೆ ಲೋಟವಲ್ಲ, ಕೊಡ ಸುರಿದರೂ ಕೆನೆಯಾಗುವುದಿಲ್ಲ. ಇಬ್ಬರೂ ಅದನ್ನು ಇನ್ನಷ್ಟು ಕಡೆದು, ಬೆಣ್ಣೆ ಸೋಸಿ, ತಣ್ಣೀರಲ್ಲಿ ನೀರು ತಿಳಿಯಾಗುವವರೆಗೆ ತೊಳೆದು ಮುದ್ದೆ ಕಟ್ಟಿದರು. ಮಜ್ಜಿಗೆ ಮರುದಿನದ ಬನ್ನಿನ ಹಿಟ್ಟಿಗೆ ಹೋಯಿತು. ಸಕ್ಕರೆ ಹಾಕುವ ಮೊದಲೇ ಒಡೆದಿತ್ತಲ್ಲ, ಬದುಕಿದೆ, ಇಲ್ಲದಿದ್ದರೆ ಸಿಹಿ ಬೆಣ್ಣೆ ನಿನಗೇ ತಿನ್ನಿಸುತ್ತಿದ್ದೆ ಎಂದು ದೊಡ್ಡವಳು ನಕ್ಕಳು. ಚಿಕ್ಕವಳ ಕಣ್ಣಿಗೆ ಅವಳು ಅಂದಿನಿಂದ ಓರಗಿತ್ತಿ ಮಾತ್ರ ಆಗಿ ಉಳಿಯಲಿಲ್ಲ.

ಹೀಗೆ ವರ್ಷಗಳು ಹೋದವು. ಚಿಕ್ಕವಳ ಕಿವಿಯೂ ಪಳಗಿತು. ಆದರೆ ಕೆನೆಯ ಕೆಲಸ ದೊಡ್ಡವಳದೇ. ಅವಳು ಇರುವಾಗ ಸ್ವಿಚ್ಚಿಗೆ ಕೈ ಹಾಕುವ ಯೋಚನೆಯೇ ಯಾರಿಗೂ ಬಂದಿರಲಿಲ್ಲ.

ಆಮೇಲೆ ಕೆಟ್ಟ ಕಾಲ ಶುರುವಾಯಿತು. ಒಂದು ದಿನ ಕೆನೆ ತರಿಯಾಯಿತು. ಹಾಲಿನ ಡೈರಿಯವನು ತೆಳ್ಳಗಿನ ಕೆನೆ ಕಳಿಸಿದ್ದಾನೆ ಎಂದಳು ದೊಡ್ಡವಳು. ಕೆಲವು ದಿನ ಬಿಟ್ಟು ಮತ್ತೆ. ಈ ಸಲ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲವಂತೆ. ಮತ್ತೊಂದು ಸಲ ಬೆಣ್ಣೆಯೇ ಆಗಿಹೋಯಿತು. ಅವತ್ತು ಮೆಷಿನ್ನೇ ಹುಚ್ಚುಹುಚ್ಚಾಗಿ ತಿರುಗುತ್ತಿದೆ ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಗಾದೆ ಚಿಕ್ಕವಳ ನಾಲಿಗೆಯ ತುದಿಗೆ ಬಂತು, ಬಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಕುಣಿದವಳು ಇವಳೇ ಅಲ್ಲವೇ, ಇಷ್ಟು ವರ್ಷ, ನೆಲವನ್ನೇ ನೋಡದೆ. ಮೆಟ್ಟಿಲ ಮೇಲಿನ ಕಾಫಿಯಲ್ಲಿ ಕೆನೆ ಕಾಣುವುದು ಅಪರೂಪವಾಯಿತು. ತಪ್ಪಿನ ಪಾಲು ತಪ್ಪಿಗೇ ಖರ್ಚಾಗುತ್ತಿತ್ತು. ದೊಡ್ಡವಳ ಮಾತೂ ಕಡಿಮೆಯಾಯಿತು. ಮೆಟ್ಟಿಲ ಮೇಲೆ ಕೂತರೂ ಬೀದಿ ನೋಡದೆ, ಚಿಕ್ಕವಳ ಮುಖವನ್ನೇ ನೋಡುತ್ತ ಕೂರುತ್ತಿದ್ದಳು.

ಒಂದು ಬೆಳಿಗ್ಗೆ ಭಾವ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ತಂದ. ಅದರಲ್ಲಿ ಪ್ಯಾಕೆಟ್ಟಿನ ಕ್ರೀಮು, ಹಾಲಿನದಲ್ಲ, ಸಸ್ಯದ ಎಣ್ಣೆಯಿಂದ ಮಾಡಿದ್ದು. ಇದನ್ನು ಎಷ್ಟು ಕಡೆದರೂ ಸುಲಭಕ್ಕೆ ಕೆಡುವುದಿಲ್ಲ, ಬಿಸಿಲಿಗೂ ತಡೆಯುತ್ತದೆ, ಯಾರು ಬೇಕಾದರೂ ಮಾಡಬಹುದು ಎಂದ. ಆ ಕೊನೆಯ ಮಾತು ಕೋಣೆಯಲ್ಲಿ ಹಾಗೇ ನಿಂತಿತು. ಯಾರು ಬೇಕಾದರೂ ಮಾಡಬಹುದಾದರೆ ಕೆನೆಯಮ್ಮ ಏತಕ್ಕೆ? ಭಾವ ಹೆಂಡತಿಯ ಕಡೆ ನೋಡದೆ, ಇನ್ನೊಂದು ಸಲ ಕೆಟ್ಟರೆ ಹಾಲಿನ ಕೆನೆಯನ್ನೇ ನಿಲ್ಲಿಸಿಬಿಡೋಣ, ನೀನೂ ಸ್ವಲ್ಪ ಗಲ್ಲಾದ ಹತ್ತಿರ ಕೂತುಕೋ, ಎಷ್ಟು ಅಂತ ನಿಂತು ದುಡಿಯುತ್ತೀಯ ಎಂದ. ದೊಡ್ಡವಳು ಮೇಜು ಒರೆಸುತ್ತಲೇ ಇದ್ದಳು. ಚಿಕ್ಕವಳಿಗೆ ಸಿಟ್ಟು ಬಂತು. ಭಾವನನ್ನು ಅವಳು ಅಷ್ಟು ಕಲ್ಲುಮನಸ್ಸಿನವನು ಅಂದುಕೊಂಡಿರಲಿಲ್ಲ.

ಆ ಇನ್ನೊಂದು ಸಲ ಬರಲು ತಡವಾಗಲಿಲ್ಲ. ಬೀದಿಯ ಕೊನೆಯ ಆಸ್ಪತ್ರೆಯ ಹಿರಿಯ ನರ್ಸಮ್ಮ ಕೆಲಸದಿಂದ ನಿವೃತ್ತಿಯಾಗುತ್ತಿದ್ದಳು. ಅರ್ಧ ಬೀದಿಯ ಮಕ್ಕಳು ಅವಳ ಕೈಯಲ್ಲೇ ಕಣ್ಣುಬಿಟ್ಟವರು. ನಾಲ್ಕು ಪದರದ ಕೇಕು ಬೇಕು, ಹಾಲಿನ ಕೆನೆಯದೇ ಆಗಬೇಕು, ಕೆನೆಯಮ್ಮನೇ ಮಾಡಬೇಕು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು.

ಮಧ್ಯಾಹ್ನ ಊಟದ ನಂತರ ದೊಡ್ಡವಳು ಕೆಲಸಕ್ಕೆ ನಿಂತಳು. ಪಾಲು ತೆಗೆದಿಟ್ಟಳು. ತಣ್ಣನೆಯ ಬಟ್ಟಲಿಗೆ ಕೆನೆ ಸುರಿದಳು. ಹದ ನೋಡಿ ಸಕ್ಕರೆ ಹಾಕಿ, ಮೆಷಿನ್ನು ಮತ್ತೆ ಹಚ್ಚಿ, ತನ್ನ ತುದಿಗೆ ಬಂದು ಸ್ಪಾಂಜಿಗೆ ಚೂರಿ ಇಟ್ಟಳು. ಚಿಕ್ಕವಳು ಮೂಲೆಯ ತೊಟ್ಟಿಯ ಮುಂದೆ ಕೂತು ತಟ್ಟೆ ತೊಳೆಯುತ್ತಿದ್ದಳು. ಮೆಷಿನ್ನಿನ ದನಿ ದಪ್ಪವಾಗುವುದು ಅವಳಿಗೆ ಕೇಳಿಸಿತು. ಈಗ ಟಕ್ ಎನ್ನುತ್ತದೆ ಎಂದು ಅಭ್ಯಾಸಬಲದಿಂದ ಕಾದಳು. ಟಕ್ ಎನ್ನಲಿಲ್ಲ.

ಇನ್ನೇನು ನಿಲ್ಲಿಸುತ್ತಾಳೆ. ಅಕ್ಕನಿಗೆ ಗೊತ್ತಿಲ್ಲದ್ದೇ? ನಾಲ್ಕು ಪದರ ಅಂದರೆ ಭಾರ ಹೊರಬೇಕು, ಅದಕ್ಕೆ ಒಂಚೂರು ಹೆಚ್ಚು ಗಟ್ಟಿ ಬೇಕೇನೋ. ಮೆಷಿನ್ನು ಪಟಪಟ ಬಡಿಯತೊಡಗಿತು. ಚಿಕ್ಕವಳ ಕೈಯಲ್ಲಿ ತಟ್ಟೆ ಹಾಗೇ ನಿಂತಿತು. ಅವಳ ಕಿವಿ ನಿಲ್ಲಿಸು ನಿಲ್ಲಿಸು ಎನ್ನುತ್ತಿದೆ. ಅವಳು ಮಾತ್ರ ಎದ್ದೇಳುತ್ತಿಲ್ಲ. ದೇವರ ಕೈ ಹಿಡಿದು ತಡೆಯುವುದು ಹೇಗೆ? ನೋಡಿ, ಕೆನೆ ಕೆಟ್ಟದ್ದು ಅಲ್ಲಿ. ದೊಡ್ಡವಳ ಕಿವಿಯಿಂದ ಅರ್ಧ ಕೆಟ್ಟರೆ, ಚಿಕ್ಕವಳ ಭಕ್ತಿಯಿಂದ ಇನ್ನರ್ಧ ಕೆಟ್ಟಿತು.

ಆಗ ಅವಳು ದೊಡ್ಡವಳ ಮುಖ ನೋಡಿದಳು. ದೊಡ್ಡವಳು ನೆಮ್ಮದಿಯಾಗಿ ಸ್ಪಾಂಜು ಸೀಳುತ್ತಿದ್ದಳು, ಕೋಣೆಯಲ್ಲಿ ಏನೂ ಸದ್ದೇ ಇಲ್ಲವೆನ್ನುವ ಹಾಗೆ. ಅಕ್ಕ, ಎಂದು ಕರೆದಳು ಚಿಕ್ಕವಳು. ತಿರುಗಲಿಲ್ಲ. ಅಕ್ಕಾ, ಎಂದು ಇನ್ನೂ ಗಟ್ಟಿಯಾಗಿ ಕರೆದಳು. ಚೂರಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಚಿಕ್ಕವಳಿಗೆ ಮೆಟ್ಟಿಲ ಮೇಲೆ ತನ್ನ ಮುಖವನ್ನೇ ದಿಟ್ಟಿಸುತ್ತಿದ್ದ ಕಣ್ಣುಗಳು ನೆನಪಾದವು. ಅವು ಮುಖ ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದವು. ಒದ್ದೆ ಕೈಯಲ್ಲೇ ಓಡಿ ಹೋಗಿ ಸ್ವಿಚ್ಚು ಆರಿಸಿದಳು.

ದೊಡ್ಡವಳು ಬೆಚ್ಚಿ ತಿರುಗಿದಳು. ಚಿಕ್ಕವಳನ್ನು ನೋಡಿದಳು, ಸ್ವಿಚ್ಚಿನ ಮೇಲಿದ್ದ ಕೈ ನೋಡಿದಳು, ಮೇಜಿನ ಆ ತುದಿಗೆ ಹೋಗಿ ಬಟ್ಟಲು ನೋಡಿದಳು. ತರಿತರಿ, ಹಳದಿ ಮಿಶ್ರಿತ. ಅಲ್ಲಲ್ಲಿ ಗಂಟು. ಅವಳು ಚೂರಿಯನ್ನು ಮೇಜಿನ ಮೇಲೆ ಇಟ್ಟಳು.

"ನಂಗೆ ಕೇಳಿಸ್ತಾ ಇಲ್ಲ ಕಣೇ," ಎಂದಳು. "ಚಳಚಳ ಅನ್ನೋದು ಹೋಗಿ ಬಹಳ ದಿನ ಆಯ್ತು. ಆ ದಪ್ಪ ದನಿ ಒಂದು ಉಳ್ಕೊಂಡಿತ್ತು. ಈಗ ಅದೂ ಹೋಯ್ತು."

ಚಿಕ್ಕವಳಿಗೆ ನನಗೆ ಕೇಳಿಸಿತ್ತು, ಕೇಳಿಸಿಯೂ ಕೂತಿದ್ದೆ ಎಂದು ಹೇಳಬೇಕೆನಿಸಿತು. ಹೊರಗೆ ಗಲ್ಲಾದಲ್ಲಿ ಭಾವ ಯಾರ ಜೊತೆಯೋ ಮಾತಾಡುತ್ತಿದ್ದ. ಅವನು ಈ ಬಟ್ಟಲನ್ನು ಕಂಡರೆ ಅಲ್ಲಿಗೆ ಮುಗಿಯಿತು. ರಟ್ಟಿನ ಪೆಟ್ಟಿಗೆ ಫ್ರಿಜ್ಜಿನ ಕೆಳಗಿನ ಖಾನೆಯಲ್ಲೇ ಕಾದು ಕೂತಿತ್ತು.

ದೊಡ್ಡವಳೇ ಮೊದಲು ಅಲುಗಿದಳು. ಬಟ್ಟಲನ್ನು ವಾರೆ ಮಾಡಿ ತಳ ನೋಡಿದಳು. ಮಜ್ಜಿಗೆ ಬಿಟ್ಟಿರಲಿಲ್ಲ. ಬೆಣ್ಣೆಯ ಹೊಸ್ತಿಲಿಗೆ ಬಂದು ನಿಂತಿದೆ, ಒಳಗೆ ಕಾಲಿಟ್ಟಿಲ್ಲ. ಅವಳು ಫ್ರಿಜ್ಜಿನ ಮೇಲಿನ ಖಾನೆಯ ಕಡೆ ಕೈ ಮಾಡಿದಳು. ಚಿಕ್ಕವಳು ಲೋಟ ತಂದು ಕೊಟ್ಟಳು. ಆಮೇಲೆ ನಡೆದದ್ದನ್ನು ಚಿಕ್ಕವಳು ಮುಂದೆ ಎಷ್ಟೋ ಜನರಿಗೆ ಹೇಳಿದ್ದಾಳೆ, ಪ್ರತಿ ಸಲವೂ ಹೇಳುವಾಗ ದನಿ ತಗ್ಗಿಸುತ್ತಾಳೆ.  ಎರಡು ಚಮಚ ಹನಿಸುವುದು, ತಳದಿಂದ ಎತ್ತಿ ಮಗುಚುವುದು, ನಿಲ್ಲಿಸಿ ನೋಡುವುದು. ಮತ್ತೆ ಎರಡು ಚಮಚ. ಗಂಟುಗಳು ಹಠ ಹಿಡಿದವು. ಅವಳು ಅವಸರ ಮಾಡಲಿಲ್ಲ. ಬಲ ಹಾಕಿ ಕಲಸಿದರೆ ಅದು ಇನ್ನೊಂದು ಸಲ ಕಡೆದಂತೆಯೇ, ಹೊಸ್ತಿಲು ದಾಟಿಬಿಡುತ್ತದೆ. ಲೋಟ ಖಾಲಿಯಾಗುತ್ತ ಬಂತು. ಕಡೆಯ ಚಮಚ ಬೀಳುವ ಹೊತ್ತಿಗೆ ಹಳದಿ ಹೋಗಿ ಬಿಳುಪು ಬಂದಿತ್ತು, ಕೆನೆಯ ಮೇಲ್ಮೈ ಹೊಳೆಯುತ್ತಿತ್ತು. ತಂತಿ ಎತ್ತಿದರೆ ಕೊಕ್ಕು ನಿಂತಿತು, ತುದಿ ತಲೆಬಾಗಿಸಿತು. ಮೊದಲಿಗಿಂತ ಕೊಂಚ ಮೆದು. ಹಾಗಾಗಿ ಬಟ್ಟಲನ್ನು ಹಾಗೇ ಫ್ರಿಜ್ಜಿನಲ್ಲಿ ತಣಿಯಲು ಬಿಟ್ಟು, ಆಮೇಲೆ ಪದರಗಳಿಗೆ ತೆಳ್ಳಗೆ ಸವರಿದಳು. ಎಲ್ಲ ಮುಗಿದು ಕೇಕು ನೆಟ್ಟಗೆ ನಿಂತಾಗ ಚಿಕ್ಕವಳು ಅಳುತ್ತಿದ್ದಳು, ದೊಡ್ಡವಳಲ್ಲ.

ಕೇಕು ತೆಗೆದುಕೊಂಡು ಹೋಗಲು ಒಳಗೆ ಬಂದ ಭಾವ ಮೊದಲು ಕೇಕು ನೋಡಿದ, ಆಮೇಲೆ ಖಾಲಿ ಲೋಟ ನೋಡಿದ. ಅವನೂ ಆ ಅತ್ತೆಯ ಮಗನೇ ತಾನೇ; ಲೋಟ ಖಾಲಿಯಾದರೆ ಏನರ್ಥ ಎಂದು ಗೊತ್ತಿಲ್ಲದವನಲ್ಲ. ಚಿಕ್ಕವಳು ಸೆರಗು ಬಿಗಿದುಕೊಂಡು ಜಗಳಕ್ಕೇ ನಿಂತಳು. ತಪ್ಪು ನನ್ನದು, ಕೇಳಿಸಿಕೊಂಡೂ ಸುಮ್ಮನಿದ್ದೆ, ಅಕ್ಕನನ್ನು ಗಲ್ಲಾದಲ್ಲಿ ಕೂರಿಸಬೇಡಿ ಎಂದು ಒಂದೇ ಉಸಿರಿಗೆ ಹೇಳಿದಳು. ಭಾವ ತಲೆಯ ಟೋಪಿ ತೆಗೆದು ಹಣೆ ಒರೆಸಿಕೊಂಡ.

"ಇವಳಿಗೆ ಕೇಳಿಸಲ್ಲ ಅಂತ ನಂಗೆ ಯಾವತ್ತೋ ಗೊತ್ತಮ್ಮ," ಎಂದ. "ಹಿಂದಿನಿಂದ ಕರೆದ್ರೆ ತಿರುಗೋದು ಬಿಟ್ಟು ಎಷ್ಟು ಕಾಲ ಆಯ್ತು. ಕೆಡದೇ ಇರೋ ಕ್ರೀಮ್ ತಂದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಇವಳು ನಾಲ್ಕು ಜನರ ಮುಂದೆ ತಲೆ ತಗ್ಗಿಸೋದು ನನ್ನ ಕೈಲಿ ನೋಡಕ್ಕಾಗಲ್ಲ."

ದೊಡ್ಡವಳು ಅವನ ತುಟಿಗಳನ್ನೇ ನೋಡುತ್ತಿದ್ದಳು. ಅಷ್ಟನ್ನೂ ಓದಿಕೊಂಡಳು. ಚಿಕ್ಕವಳಿಗೆ ಭಾವನ ಮೇಲೆ ಹಿಡಿದಿದ್ದ ಸಿಟ್ಟು ಎಲ್ಲಿಡಬೇಕೋ ತಿಳಿಯದೆ ತೊಟ್ಟಿಯ ಕಡೆ ತಿರುಗಿದಳು. ದೊಡ್ಡವಳು ಗಂಡನಿಗೆ ಸ್ವಲ್ಪ ಸಮಯ ಕೊಡಿ ಎಂದಳು. ಅವನು ಪೆಟ್ಟಿಗೆ ಅಲ್ಲೇ ಇರಲಿ ಎಂದ. ಒಪ್ಪಿದ ಹಾಗೂ ಆಯಿತು, ಒಪ್ಪದ ಹಾಗೂ ಆಯಿತು.

ಕಿವಿಯ ಡಾಕ್ಟರ ಹತ್ತಿರ ಹೋಗಿ ಬಂದರು. ಕಿವಿಗಿಡುವ ಯಂತ್ರ ಬಂತು. ಗಲ್ಲಾದಲ್ಲಿ ಗಿರಾಕಿ ಮಾತಾಡಿದರೆ ಅದು ಚೆನ್ನಾಗಿ ಕೇಳಿಸುತ್ತಿತ್ತು. ಹಿಂದಿನ ಕೋಣೆಯಲ್ಲಿ ಮಾತ್ರ ಒಲೆಯ ಫ್ಯಾನು, ತಟ್ಟೆಯ ಸದ್ದು, ಮೆಷಿನ್ನು ಎಲ್ಲ ಒಟ್ಟಿಗೆ ಸೇರಿ ತಗಡಿನ ಮೇಲೆ ಕಲ್ಲು ಸುರಿದ ಹಾಗಾಗುತ್ತಿತ್ತು. ಅವಳು ಅದನ್ನು ಕಳಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಸದ್ಯಕ್ಕೆ ಒಂದು ಏರ್ಪಾಟು ಮಾಡಿಕೊಂಡರು. ಚಿಕ್ಕವಳು ಹಿಂದೆ ನಿಲ್ಲುವುದು. ಹದ ಕೇಳಿಸಿದ ಕೂಡಲೇ ದೊಡ್ಡವಳ ಭುಜ ತಟ್ಟುವುದು. ದೊಡ್ಡವಳು ಸ್ವಿಚ್ಚು ಆರಿಸುವುದು. ಕೆನೆ ಕೆಡಲಿಲ್ಲ. ಆದರೆ ತಟ್ಟಿಸಿಕೊಂಡಾಗೆಲ್ಲ ಆ ಭುಜ ಒಂಚೂರು ಕುಗ್ಗುವುದು ಚಿಕ್ಕವಳ ಬೆರಳಿಗೆ ತಿಳಿಯುತ್ತಿತ್ತು. ಅವಳಿಗೆ ಅದಕ್ಕಿಂತ ಕೆನೆ ಕೆಟ್ಟಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಒಂದು ದಿನ ಮೆಷಿನ್ನಿನ ಅಡಿಯ ರಬ್ಬರ್ ಹಾಸು ಕಾಣೆಯಾಯಿತು. ಸದ್ದು ಕಡಿಮೆಯಾಗಲಿ, ಮೇಜು ಅದುರದಿರಲಿ ಎಂದು ಭಾವನೇ ಎಂದೋ ಹಾಕಿದ್ದ ದಪ್ಪ ಹಾಸು. ಯಾರು ತೆಗೆದರು ಎಂದರೆ ನಾನೇ ಎಂದಳು ದೊಡ್ಡವಳು, ಕಾರಣ ಹೇಳಲಿಲ್ಲ. ಮೆಷಿನ್ನು ನಡೆದುಕೊಂಡು ಹೋಗಿ ಕೆಳಗೆ ಬೀಳುತ್ತೆ ಎಂದು ಭಾವ ಗೊಣಗಿದ. ಮರುದಿನ ನೋಡಿದರೆ ಬಡಗಿಯನ್ನು ಕರೆಸಿ ಮೆಷಿನ್ನಿನ ಕಾಲುಗಳನ್ನು ಮೇಜಿನ ಹಲಗೆಗೇ ಸ್ಕ್ರೂ ಹಾಕಿಸಿಬಿಟ್ಟಿದ್ದಾಳೆ. ಈಗ ಮೆಷಿನ್ನು ಹಚ್ಚಿದರೆ ಮೇಜಿನ ಮೇಲಿನ ಚಮಚಗಳೆಲ್ಲ ಗಲಗಲ ಎಂದು ಕುಣಿಯುತ್ತಿದ್ದವು. ತಲೆ ಕೆಟ್ಟಿತೇ ಇವಳಿಗೆ ಎಂದು ಭಾವ ಚಿಕ್ಕವಳನ್ನು ಕಣ್ಣಲ್ಲೇ ಕೇಳಿದ. ಚಿಕ್ಕವಳಿಗೆ ಏನು ಗೊತ್ತು, ಪಾಪ. ಅವಳು ಕಂಡದ್ದಿಷ್ಟೇ: ಸ್ಪಾಂಜು ಸೀಳುವಾಗ ಎರಡೂ ಕೈ ಬಳಸುತ್ತಿದ್ದ ದೊಡ್ಡವಳು ಈಗ ಕೆನೆ ಕಡೆಯುವ ಹೊತ್ತಿಗೆ ಒಂದು ಅಂಗೈಯನ್ನು ಬರಿದಾಗಿ ಹಲಗೆಯ ಮೇಲೆ ಊರಿ ನಿಲ್ಲುತ್ತಿದ್ದಳು. ದಣಿವಿರಬೇಕು ಅಂದುಕೊಂಡಳು.

ದಿನಗಳು ಹೋದವು. ಭುಜ ತಟ್ಟುವುದು ನಡೆದೇ ಇತ್ತು. ಆಮೇಲೆ ಒಂದು ಮಧ್ಯಾಹ್ನ, ಕೆನೆ ಬನ್ನಿಗೆ ತುಂಬಲು ದೊಡ್ಡವಳು ಮೆಷಿನ್ನು ಹಚ್ಚಿದಳು. ಭಾವ ಒಲೆಯ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ. ಚಿಕ್ಕವಳು ತನ್ನ ಜಾಗದಲ್ಲಿ, ಹಿಂದೆ. ದೊಡ್ಡವಳ ಮುಖ ಗೋಡೆಯ ಕಡೆ, ಬಲ ಅಂಗೈ ಹಲಗೆಯ ಮೇಲೆ. ಚಳಚಳ ಹೋಗಿ ಸುಯ್ಯೆನ್ನುವುದು ಬಂತು. ಯಾರೂ ತಟ್ಟದೆಯೇ ದೊಡ್ಡವಳು ಹೋಗಿ ಸಕ್ಕರೆಪುಡಿ ಉದುರಿಸಿ ಬಂದಳು. ಚಿಕ್ಕವಳ ಹುಬ್ಬು ಮೇಲೇರಿತು. ಮೆಷಿನ್ನು ಏರು ಹತ್ತತೊಡಗಿತು. ಇನ್ನೂ ಇಲ್ಲ. ಇನ್ನೂ ಇಲ್ಲ. ದನಿ ದಪ್ಪವಾಯಿತು, ಚಿಕ್ಕವಳು ಭುಜ ತಟ್ಟಲು ಕೈ ಎತ್ತಿದಳು.

ಟಕ್.

ಎತ್ತಿದ ಕೈ ಗಾಳಿಯಲ್ಲೇ ಉಳಿಯಿತು. ಚಮಚಗಳ ಕುಣಿತ ನಿಂತಿತ್ತು. ದೊಡ್ಡವಳ ಎಡಗೈ ಸ್ವಿಚ್ಚಿನ ಮೇಲಿತ್ತು, ಬಲಗೈ ಹಲಗೆಯನ್ನು ಬಿಟ್ಟಿರಲಿಲ್ಲ. ಚಿಕ್ಕವಳು ಓಡಿಹೋಗಿ ತಂತಿ ಎತ್ತಿದಳು. ಕೊಕ್ಕು ನಿಂತಿತು, ತುದಿ ತಲೆಬಾಗಿಸಿತು. ಒಂದು ಸುತ್ತು ಹೆಚ್ಚಲ್ಲ, ಒಂದು ಸುತ್ತು ಕಡಿಮೆಯಲ್ಲ.  ಅವಳು ತನ್ನ ಅಂಗೈಯನ್ನು ಆ ಹಲಗೆಯ ಮೇಲೆ, ದೊಡ್ಡವಳ ಕೈ ಪಕ್ಕದಲ್ಲಿ ಊರಿದಳು, ಮೆಷಿನ್ನು ಒಂದು ಗಳಿಗೆ ಹಚ್ಚಿ ಎಂದು ಸನ್ನೆ ಮಾಡಿದಳು. ಬೇಡ, ಕೆಟ್ಟುಹೋಗುತ್ತೆ ಎಂದು ದೊಡ್ಡವಳು ನಕ್ಕಳು. ನಾಳೆ ತೋರಿಸುತ್ತೇನೆ ಎಂದಳು. ಕೆನೆ ಗಟ್ಟಿಯಾದಾಗ ನಡುಕ ಮೊದಲು ಬೆರಳಿಗೆ ಬರುವುದಿಲ್ಲವಂತೆ, ಅಂಗೈಯ ಬುಡಕ್ಕೆ ಬರುತ್ತದಂತೆ.

ಭಾವ ಫ್ರಿಜ್ಜಿನ ಬಾಗಿಲು ತೆರೆದು, ಕೆಳಗಿನ ಖಾನೆಯ ರಟ್ಟಿನ ಪೆಟ್ಟಿಗೆಯನ್ನು ಹೊರಗೆ ಎಳೆದು, ಹೆಗಲ ಮೇಲಿಟ್ಟುಕೊಂಡು ವ್ಯಾನಿನ ಕಡೆ ನಡೆದ. ತಂದ ಅಂಗಡಿಗೇ ವಾಪಸ್ಸು ಕೊಡಲು. ಬಾಗಿಲಲ್ಲಿ ಒಂದು ಸಲ ನಿಂತು ಕಣ್ಣು ಒರೆಸಿಕೊಂಡ. ಬೆಣ್ಣೆಯಂಥ ಮನುಷ್ಯ, ಕಲ್ಲು ಅಂದುಕೊಂಡದ್ದು ಚಿಕ್ಕವಳ ತಪ್ಪು.

ಸಂಜೆ ಅಂಗಡಿಯ ಒಂದು ಬಾಗಿಲು ಹಾಕಿದ ಮೇಲೆ ಚಿಕ್ಕವಳು ಕಾಫಿ ಮಾಡಿದಳು. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಲೋಟ ಮುಟ್ಟದೆ ಹಾಗೇ ಇತ್ತು. ಅಂದು ಅವಳು ಮೂರು ಕಪ್ಪು ಇಟ್ಟಳು, ಒಂದು ಭಾವನಿಗೆ. ಮೂವರೂ ಮೆಟ್ಟಿಲ ಮೇಲೆ ಕೂತರು. ದೊಡ್ಡವಳು ಕಿವಿಯ ಯಂತ್ರವನ್ನು ಜೇಬಿನಿಂದ ತೆಗೆದು ಇಟ್ಟುಕೊಂಡಳು. ಅಕ್ಕ, ಅತ್ತೆ ಈ ಪಾಲನ್ನು ಮೊದಲು ಯಾರಿಗೆ ಅಂತ ಇಡ್ತಿದ್ದರು ಎಂದು ಚಿಕ್ಕವಳು ಕೇಳಿದಳು. ಇಷ್ಟು ವರ್ಷ ಅದನ್ನು ಕೇಳಬೇಕೆಂದೇ ಅವಳಿಗೆ ಹೊಳೆದಿರಲಿಲ್ಲ.

"ನಂಗೆ," ಎಂದಳು ದೊಡ್ಡವಳು, ಮೂತಿಯ ಮೇಲಿನ ಕೆನೆ ಒರೆಸಿಕೊಳ್ಳುತ್ತ. "ಬಂದ ಹೊಸದರಲ್ಲಿ ದಿನಾ ಕೆಡಿಸ್ತಿದ್ದೆ. ಒಂದು ದಿನಾನೂ ಕಾಫಿಗೆ ಉಳೀತಿರಲಿಲ್ಲ."